ತಡವಾಯಿತೆಂದು ಹಿಡಿದ ದಂಡವನ್ನು ಪ್ರಶ್ನಿಸುವುದು

ಪ್ರಶ್ನೆ: ನನ್ನ ಲಾರಿ ಸಮಯಕ್ಕೆ ಮೊದಲೇ ಗೋದಾಮಿನ ಗೇಟ್ ತಲುಪಿತ್ತು. ಆದರೂ ಲಾಜಿಸ್ಟಿಕ್ಸ್ ಕಂಪನಿ ತಡವಾಯಿತೆಂದು ಬಾಡಿಗೆಯಲ್ಲಿ ದಂಡ ಹಿಡಿದಿದೆ. ಹೇಗೆ ಪ್ರಶ್ನಿಸಲಿ?

ಉತ್ತರ: ಕರಾರಿನ ಪ್ರಕಾರ ಗಡುವು ಯಾವ ಕ್ಷಣಕ್ಕೆ ಮುಗಿಯುತ್ತದೆ ಎಂದು ಮೊದಲು ನೋಡಿ. ಆಮೇಲೆ ಆ ಕ್ಷಣದ ದಾಖಲೆ ಲಗತ್ತಿಸಿ, ಕಲಂ ಸಂಖ್ಯೆ ಹಾಕಿ, ಇಮೇಲ್‌ನಲ್ಲಿ ಆಕ್ಷೇಪಣೆ ಕಳಿಸಿ.

ಎಷ್ಟೋ ಸಲ ದಂಡವನ್ನು ಸಾಫ್ಟ್‌ವೇರ್ ತಾನಾಗಿಯೇ ಹಾಕುತ್ತದೆ. ಅದು ನೋಡುವುದು ಸರಕು ಇಳಿದು ರಸೀದಿಗೆ ಸಹಿಯಾದ ಸಮಯವನ್ನು ಮಾತ್ರ. ಹಾಗಾಗಿ ಗೇಟಿನಲ್ಲಿ ಕಾದ ಹೊತ್ತೂ ನಿಮ್ಮ ತಲೆಗೇ ಬರುತ್ತದೆ.

ಉದಾಹರಣೆಗೆ, ಗಡುವು ಬೆಳಿಗ್ಗೆ 10:00 ಅನ್ನಿ. ಜಿಪಿಎಸ್ ಪ್ರಕಾರ ಲಾರಿ 9:20ಕ್ಕೆ ಗೇಟ್ ಹತ್ತಿರ ನಿಂತಿದೆ, ಗೇಟ್ ರಿಜಿಸ್ಟರಿನಲ್ಲಿ 9:35 ಎಂದಿದೆ, ರಸೀದಿಗೆ ಸಹಿ ಬಿದ್ದದ್ದು ಮಧ್ಯಾಹ್ನ 2:10ಕ್ಕೆ. ಕರಾರಿನಲ್ಲಿ ‘ಗೋದಾಮಿಗೆ ಬಂದು ವರದಿ ಮಾಡಿದ ಸಮಯ’ ಎಂದಿದ್ದರೆ ನೀವು 25 ನಿಮಿಷ ಮುಂಚೆಯೇ ಇದ್ದೀರಿ, ದಂಡ ನಿಲ್ಲುವುದಿಲ್ಲ. ‘ಸರಕು ಇಳಿಸಿದ ಸಮಯ’ ಎಂದಿದ್ದರೆ, ಸರಕು ಪಡೆಯುವವರಿಂದಾದ ವಿಳಂಬಕ್ಕೆ ವಿನಾಯಿತಿ ಕೊಡುವ ಕಲಂ ಹುಡುಕಿ. ಅದೂ ಇಲ್ಲದಿದ್ದರೆ ನಿಮ್ಮ ವಾದ ಸೊರಗುತ್ತದೆ, ಸುಳ್ಳು ಭರವಸೆ ಬೇಡ.

ಜಿಪಿಎಸ್ ಒಂದನ್ನೇ ನಂಬಬೇಡಿ. ಲಾರಿ ಹತ್ತಿರದಲ್ಲಿತ್ತು ಎಂದಷ್ಟೇ ಅದು ಹೇಳುತ್ತದೆ, ವರದಿ ಮಾಡಿತು ಎಂದಲ್ಲ. ಗೇಟ್ ಪಾಸ್‌ನ ಫೋಟೊಗೇ ತೂಕ ಜಾಸ್ತಿ. ಟ್ರ್ಯಾಕಿಂಗ್ ದಾಖಲೆ ಪೋರ್ಟಲ್‌ನಿಂದ ಅಳಿಯುವ ಮೊದಲೇ ಇಳಿಸಿಕೊಳ್ಳಿ. ಆಕ್ಷೇಪಣೆಗೆ ಕರಾರಿನಲ್ಲಿ ಇಂತಿಷ್ಟು ದಿನ ಎಂದಿರಬಹುದು, ಅದು ದಾಟಿದರೆ ಬಿಲ್ ಒಪ್ಪಿಕೊಂಡಂತೆ ಎಂದು ಅವರು ವಾದಿಸುತ್ತಾರೆ.