ನಿದ್ದೆಗೆ ಮುಂಚಿನ ಹತ್ತು ನಿಮಿಷ: ನಿಮ್ಮ ಬರಹದ ಬಗ್ಗೆ

"ಮಲಗುವ ಮುಂಚೆ ಹಾಸಿಗೆಯಲ್ಲೇ ಕೇಳುವುದಕ್ಕೆ ಅಂತ 10 ನಿಮಿಷದ ವಿಶ್ರಾಂತಿ ಆಡಿಯೊಗೆ ಬರೆದಿದ್ದೇನೆ. ಅಕ್ಕನಿಗೆ ಓದಿ ಹೇಳಿದೆ. ಡ್ರಿಲ್ ಮೇಷ್ಟ್ರು ಹೇಳಿದ ಹಾಗಿದೆ ಅಂದಳು. ಪದಗಳೆಲ್ಲ ಮೃದುವಾಗಿಯೇ ಇವೆ. ಎಲ್ಲಿ ತಪ್ಪಾಗಿದೆ?"

ನಮಸ್ಕಾರ. ನಿಮ್ಮ ಅಕ್ಕ ಹೇಳಿದ್ದು ಸರಿ. ತೊಂದರೆ ಇರುವುದು ಪದಗಳಲ್ಲಿ ಅಲ್ಲ, ವಾಕ್ಯದ ನಡಿಗೆಯಲ್ಲಿ. ನಿಮ್ಮದೇ ಒಂದು ಸಾಲು ನೋಡಿ:

"ಕಣ್ಣುಗಳನ್ನು ಮುಚ್ಚಿಕೊಂಡು, ದೀರ್ಘವಾಗಿ ಉಸಿರನ್ನು ಒಳಗೆಳೆದುಕೊಂಡು, ಬಲಗೈಯ ಸ್ನಾಯುಗಳಲ್ಲಿರುವ ಒತ್ತಡವನ್ನು ನಿವಾರಿಸುತ್ತಾ, ಬೇರಾವುದನ್ನೂ ಯೋಚಿಸದೆ, ಕೈಯನ್ನು ಸಡಿಲಗೊಳಿಸಿ."

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುವವರಿಗೆ ಇದರಿಂದ ತೊಂದರೆ ಇಲ್ಲ, ಕಣ್ಣು ಮುಂದೆ ಓಡಿ ಹುಡುಕಿಕೊಳ್ಳುತ್ತದೆ. ಕಣ್ಣು ಮುಚ್ಚಿ ಮಲಗಿದವರು ಮಾತ್ರ ಆ ಕೊನೆಯ ಪದಕ್ಕೆ ಕಾಯಬೇಕು. "ಮುಚ್ಚಿಕೊಂಡು", "ಎಳೆದುಕೊಂಡು" ಅನ್ನುತ್ತಾ ಹೋದಷ್ಟೂ ಅವರು ಎಲ್ಲವನ್ನೂ ನೆನಪಲ್ಲಿ ಹಿಡಿದಿಟ್ಟುಕೊಂಡು ಮುಂದೇನು ಅಂತ ಕಾಯುತ್ತಾರೆ. ಸಡಿಲವಾಗಬೇಕಾದ ಹೊತ್ತಿನಲ್ಲಿ ಮನಸ್ಸು ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಒಂದು ವಾಕ್ಯಕ್ಕೆ ಒಂದೇ ಕೆಲಸ ಕೊಡಿ. ಒಂದು ಸಲ ಉಸಿರು ಬಿಡುವಷ್ಟರಲ್ಲಿ ಹೇಳಿ ಮುಗಿಸಲಾಗದ ಸಾಲು ಇಲ್ಲಿ ಉದ್ದವಾಯಿತು ಅಂತಲೇ ಲೆಕ್ಕ.

ಇನ್ನೊಂದು ವಿಷಯ "ಇ" ಕಾರದ ಅಪ್ಪಣೆ. ಮುಚ್ಚಿ, ಬಿಡಿ, ಸಡಿಲಗೊಳಿಸಿ. ಎಷ್ಟೇ ಮೃದುವಾಗಿ ಹೇಳಿದರೂ, ಸಾಲುಸಾಲಾಗಿ ಬಂದಾಗ ಮಾಡಲೇಬೇಕು ಅನ್ನಿಸುತ್ತದೆ. ಅಕ್ಕನಿಗೆ ಡ್ರಿಲ್ ನೆನಪಾಗಿದ್ದು ಇದರಿಂದಲೇ. ಕನ್ನಡದಲ್ಲಿ ಇದಕ್ಕೆ ಎರಡು ಒಳ್ಳೆಯ ದಾರಿಗಳಿವೆ. ಒಂದು "ಮುಚ್ಚಿರಲಿ", "ಬರಲಿ", "ಹೋಗಲಿ" ಅನ್ನುವ ರೂಪ. ಇನ್ನೊಂದು ಆಗುತ್ತಿರುವುದನ್ನು ಸುಮ್ನೆ ಹೇಳುವುದು: "ಬಲಗೈ ಭಾರವಾಗಿದೆ." ಈ ಎರಡನೆಯದು ಹಳೆಯ ಉಪಾಯ. 1932ರಲ್ಲಿ ಜರ್ಮನಿಯ ವೈದ್ಯ ಯೋಹಾನ್ನೆಸ್ ಶುಲ್ಟ್ಸ್ ತಮ್ಮ ಆಟೋಜೆನಿಕ್ ಟ್ರೈನಿಂಗ್ ಪುಸ್ತಕದಲ್ಲಿ ಕೈ ಭಾರವಾಗಿದೆ, ಬೆಚ್ಚಗಿದೆ ಅನ್ನುವ ಇಂಥ ಚಿಕ್ಕ ಸಾಲುಗಳನ್ನೇ ಮತ್ತೆ ಮತ್ತೆ ಹೇಳಿಕೊಳ್ಳುವ ಕ್ರಮ ಕೊಟ್ಟರು. "ಯೋಚಿಸಬೇಡಿ" ಅನ್ನುವುದನ್ನಂತೂ ಪೂರ್ತಿ ತೆಗೆಯಿರಿ. ಅದನ್ನು ಕೇಳಿದ ಕೂಡಲೇ ನಾಳೆಯ ಕೆಲಸ ನೆನಪಾಗುತ್ತದೆ, ಅಲ್ವಾ?

ನೀವು ಬಲಗೈಯಿಂದ ಹಣೆಗೆ, ಹಣೆಯಿಂದ ಎಡಪಾದಕ್ಕೆ ಹಾರಿದ್ದೀರಿ. ಬಿಹಾರದ ಮುಂಗೇರ್‌ನಲ್ಲಿ ಸ್ವಾಮಿ ಸತ್ಯಾನಂದ ಸರಸ್ವತಿ ರೂಪಿಸಿದ ಯೋಗನಿದ್ರೆಯಲ್ಲಿ ಗಮನ ಬಲಗೈ ಹೆಬ್ಬೆರಳಿನಿಂದ ಶುರುವಾಗಿ ಪಕ್ಕದ ಭಾಗಕ್ಕೆ, ಅದರ ಪಕ್ಕದ ಭಾಗಕ್ಕೆ ಸಾಗುತ್ತದೆ. ಮುಂದೆ ಯಾವುದು ಬರುತ್ತದೆ ಅಂತ ಕೇಳುವವರಿಗೆ ಮೊದಲೇ ಗೊತ್ತಿದ್ದರೆ ಅವರು ಹುಡುಕಬೇಕಾಗಿಲ್ಲ. ಲಯ ಹುಟ್ಟುವುದೂ ಅಲ್ಲೇ.

ನಿಮ್ಮ ಸಾಲನ್ನೇ ಹೀಗೆ ಬಿಡಿಸಿದ್ದೇನೆ:

ಕಣ್ಣು ಮುಚ್ಚಿರಲಿ.
ಉಸಿರು ತಾನಾಗಿ ಬರಲಿ... ತಾನಾಗಿ ಹೋಗಲಿ.
(ಎರಡು ಉಸಿರು ಬಿಡುವು)
ಈಗ ಬಲಗೈ.
ಹೆಬ್ಬೆರಳು... ತೋರುಬೆರಳು... ನಡುಬೆರಳು... ಉಂಗುರದ ಬೆರಳು... ಕಿರುಬೆರಳು.
ಅಂಗೈ... ಮಣಿಕಟ್ಟು... ಮೊಣಕೈ... ಭುಜ.
(ಒಂದು ಉಸಿರು ಬಿಡುವು)
ಬಲಗೈ ಹಾಸಿಗೆಯ ಮೇಲಿದೆ.
ಬಲಗೈ ಭಾರವಾಗಿದೆ.
ಭಾರವಾಗಿ... ಹಾಗೇ ಇದೆ.

ದೀರ್ಘ ಉಸಿರನ್ನು ಬೇಕೆಂದೇ ಬಿಟ್ಟಿದ್ದೇನೆ. ಮೂರನೇ ಪುಟದಲ್ಲಿ ಹತ್ತು ಎಣಿಸುವ ತನಕ ಉಸಿರು ಕಟ್ಟಿ ಅಂದಿದ್ದೀರಿ, ಅದೂ ಬೇಡ. ಉಸಿರು ಕಟ್ಟಿದರೆ ಎದೆ, ಕುತ್ತಿಗೆ ಬಿಗಿಯಾಗುತ್ತವೆ. ಆಸ್ತಮಾ ಇದ್ದವರಿಗೆ ಗಾಬರಿಯೂ ಆಗಬಹುದು. "ಇದೆ" ಅನ್ನುವ ಕೊನೆ ಮೂರು ಸಲ ಬಂದಿರುವುದು ಗಮನಿಸಿ. ಬೇರೆ ಬರಹದಲ್ಲಾದರೆ ನಾನೇ ಅದನ್ನು ತಿದ್ದುತ್ತಿದ್ದೆ. ಇಲ್ಲಿ ಜೋಗುಳದ ಜೋಜೋ ಹಾಗೆ ಅದು ಬೇಕು.

ಬಿಡುವನ್ನು ಬರೀ ಚುಕ್ಕಿ ಹಾಕಿ ಬಿಡಬೇಡಿ, ಎಷ್ಟು ಹೊತ್ತು ಅಂತ ಬರೆಯಿರಿ. ಸುಮ್ಮನೆ ಮಲಗಿದವರ ಒಂದು ಉಸಿರಿಗೆ ಸುಮಾರು 4-5 ಸೆಕೆಂಡ್ ಬೇಕು. ಎರಡು ಉಸಿರು ಅಂದರೆ ಹತ್ತಿರ ಹತ್ತಿರ 10 ಸೆಕೆಂಡ್. ಓದುವವರಿಗೆ ಅದು ತುಂಬಾ ಜಾಸ್ತಿ ಅನ್ನಿಸುತ್ತದೆ, ಬೇಗ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಸೆಕೆಂಡ್ ಬರೆದಿದ್ದರೆ ತಡೆದುಕೊಳ್ಳುತ್ತಾರೆ. ಹೀಗೆ ಬಿಡುವು ಕೊಟ್ಟರೆ ನಿಮ್ಮ ನಾಲ್ಕು ಪುಟ 10 ನಿಮಿಷಕ್ಕೆ ಹಿಡಿಸುವುದಿಲ್ಲ. ಎರಡು ಕೈ, ಎರಡು ಕಾಲು, ಮುಖ ಇಷ್ಟು ಇಟ್ಟುಕೊಳ್ಳಿ. ಸಮುದ್ರ ತೀರದ ವರ್ಣನೆ ಚೆನ್ನಾಗಿದೆ, ಆದರೆ ಅದು ಇನ್ನೊಂದು ಆಡಿಯೊಗೆ.

ಕೊನೆಯ ಸಾಲು "ಈಗ ನಿಧಾನವಾಗಿ ಎದ್ದು ಕುಳಿತುಕೊಳ್ಳಿ" ಅಂತ ಇದೆ. ಹಗಲಿನ ಶವಾಸನಕ್ಕೆ ಅದು ಬೇಕು. ನೀವು ಬರೆಯುತ್ತಿರುವುದು ನಿದ್ದೆಗೆ. ಅರ್ಧ ನಿದ್ದೆಗೆ ಜಾರಿದವರನ್ನು ಎಬ್ಬಿಸುವುದು ಬೇಡ. ಕೊನೆಯ ಎರಡು ನಿಮಿಷ ಸಾಲುಗಳು ಚಿಕ್ಕದಾಗುತ್ತಾ, ಬಿಡುವು ಉದ್ದವಾಗುತ್ತಾ ಹೋಗಲಿ. ಆಮೇಲೆ ದನಿ ನಿಲ್ಲಲಿ, ಅಷ್ಟೆ.

ತಿದ್ದಿದ ಮೇಲೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ದೀಪ ಆರಿಸಿ, ಮಲಗಿ ಕೇಳಿ. ಯಾವ ಸಾಲಿನಲ್ಲಿ ಹುಬ್ಬು ಗಂಟಾಗುತ್ತದೋ, ಉಸಿರು ನಿಲ್ಲುತ್ತದೋ, ಕಣ್ಣು ತೆರೆಯುತ್ತದೋ ಆ ಸಾಲನ್ನು ಬೆಳಗ್ಗೆ ಮತ್ತೆ ಬರೆಯಿರಿ. ಅಕ್ಕನಿಗೂ ಕೇಳಿಸಿ, ಈ ಸಲ ಕೂತಲ್ಲ, ಮಲಗಿ. ಆಮೇಲೆ ಬರಹದ ಜೊತೆ ಆ ರೆಕಾರ್ಡಿಂಗನ್ನೂ ಕಳಿಸಿ, ಎರಡನ್ನೂ ಒಟ್ಟಿಗೆ ನೋಡುತ್ತೇನೆ.