ಎ ಅಥವಾ ದಿ? ಊಹೆ ಬಿಡಿ, ‘ಯಾವುದು?’ ಅಂತ ಕೇಳಿ ನೋಡಿ

ಪ್ರಶ್ನೆ: ಇಂಗ್ಲಿಷ್ ಪೇಪರ್‌ನಲ್ಲಿ ಆರ್ಟಿಕಲ್ಸ್ ಬಿಟ್ಟ ಸ್ಥಳ ತುಂಬೋದು ಬಂದ್ರೆ ನಂಗೆ ಅರ್ಧ ತಪ್ಪೇ. ಮೊದಲ ಸಲ ಬಂದ್ರೆ ‘ಎ’, ಎರಡನೇ ಸಲ ಬಂದ್ರೆ ‘ದಿ’ ಅನ್ನೋ ರೂಲ್ ಗೊತ್ತು. ಆದ್ರೂ ಕಡೆಗೆ ಕಿವಿಗೆ ಸರಿ ಅನ್ನಿಸಿದ್ದನ್ನ ಬರೆದು ಬರ್ತೀನಿ. ಕನ್ನಡದಲ್ಲಿ ಆರ್ಟಿಕಲ್ಲೇ ಇಲ್ವಲ್ಲ, ಊಹೆ ಮಾಡದೆ ಇನ್ನೇನು ಮಾಡೋದು?

ಉತ್ತರ: ಆರ್ಟಿಕಲ್ ಇಲ್ಲ, ಸರಿ. ಆದರೆ ಆರ್ಟಿಕಲ್ ಮಾಡುವ ಕೆಲಸವನ್ನು ಕನ್ನಡ ಬೇರೆ ದಾರಿಯಲ್ಲಿ ಮಾಡುತ್ತದೆ, ನೀವು ದಿನವೂ ತಪ್ಪಿಲ್ಲದೆ ಮಾಡುತ್ತಿದ್ದೀರಿ ಕೂಡ. ಈ ಎರಡು ವಾಕ್ಯ ಜೋರಾಗಿ ಹೇಳಿ ನೋಡಿ: ‘ಮೇಜಿನ ಮೇಲೆ ಪುಸ್ತಕ ಇದೆ.’ ‘ಪುಸ್ತಕ ಮೇಜಿನ ಮೇಲಿದೆ.’ ಮೊದಲನೆಯದು ಅಲ್ಲೇನಿದೆ ಅಂತ ಹೇಳುತ್ತದೆ, ಪುಸ್ತಕ ಕೇಳುವವರಿಗೆ ಹೊಸದು. ಎರಡನೆಯದನ್ನು ನೀವು ಹೇಳುವುದು ‘ಪುಸ್ತಕ ಎಲ್ಲಿ?’ ಅಂತ ಯಾರಾದರೂ ಕೇಳಿದಾಗ, ಅಂದರೆ ಯಾವ ಪುಸ್ತಕ ಅನ್ನೋದು ಇಬ್ಬರಿಗೂ ಗೊತ್ತು. ಇಂಗ್ಲಿಷಿನಲ್ಲಿ ಮೊದಲನೆಯದು ‘ಎ ಬುಕ್’, ಎರಡನೆಯದು ‘ದಿ ಬುಕ್’. ನಾವು ಪದದ ಜಾಗ ಬದಲಾಯಿಸಿ ಹೇಳಿದ್ದನ್ನು ಅವರು ಆರ್ಟಿಕಲ್ ಬದಲಾಯಿಸಿ ಹೇಳುತ್ತಾರೆ, ಅಷ್ಟೇ.

ಇನ್ನೊಂದು ಸುಳಿವು ‘ಅನ್ನು’ ಪ್ರತ್ಯಯದಲ್ಲಿದೆ. ‘ಪತ್ರ ಬರೆದೆ’ ಅಂದರೆ ಯಾವುದೋ ಒಂದು ಪತ್ರ. ‘ಪತ್ರವನ್ನು ಹರಿದು ಹಾಕಿದೆ’ ಅಂದಾಗ ಸಾಮಾನ್ಯವಾಗಿ ಗೊತ್ತಿರುವ ಪತ್ರವೇ. ಇದನ್ನು ವಸ್ತುಗಳಿಗೆ ಮಾತ್ರ ಬಳಸಿ, ಅದೂ ಸುಳಿವು ಅಂತ ಮಾತ್ರ. ಮನುಷ್ಯರ ವಿಷಯದಲ್ಲಿ ಕೈ ಕೊಡುತ್ತದೆ, ಯಾಕಂದರೆ ಗೊತ್ತಿಲ್ಲದ ಹುಡುಗನಾದರೂ ‘ಒಬ್ಬ ಹುಡುಗನನ್ನು ನೋಡಿದೆ’ ಅಂತಲೇ ಹೇಳಬೇಕು.

ಈ ಎರಡರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಇಲ್ಲಿಯವರೆಗೆ ಓದಿದವರಿಗೆ ‘ಯಾವುದು?’ ಅಂತ ಗೊತ್ತಾ? ಗೊತ್ತಿದ್ದರೆ ‘ದಿ’. ನಿಮ್ಮ ‘ಮೊದಲ ಸಲ, ಎರಡನೇ ಸಲ’ ರೂಲ್ ಇದರ ಅರ್ಧಂಬರ್ಧ ರೂಪ, ಅದಕ್ಕೇ ಅರ್ಧಂಬರ್ಧ ಮಾರ್ಕ್ಸ್ ಬರುತ್ತಿದೆ. ಒಂದು ಪ್ಯಾರಾ ಮಾಡಿ ನೋಡೋಣ.

‘ರವಿ ಬಾಟ್ (1) ಅಂಬ್ರೆಲಾ. (2) ಹ್ಯಾಂಡಲ್ ವಾಸ್ ಬ್ರೋಕನ್, ಸೋ ಹಿ ಟುಕ್ (3) ಅಂಬ್ರೆಲಾ ಬ್ಯಾಕ್ ಟು (4) ಶಾಪ್. (5) ಶಾಪ್‌ಕೀಪರ್ ಗೇವ್ ಹಿಮ್ (6) ನ್ಯೂ ಅಂಬ್ರೆಲಾ ಅಂಡ್ (7) ಅಡ್ವೈಸ್. ಹಿ ಸೆಡ್ (8) ಅಂಬ್ರೆಲಾಸ್ ಬ್ರೇಕ್ ಈಸಿಲಿ.’

ಒಂದನೆಯದು ಸುಲಭ. ರವಿ ಕೊಡೆ ಕೊಂಡ, ಯಾವುದು ಅಂತ ನಮಗೆ ಗೊತ್ತಿಲ್ಲ, ಹಾಗಾಗಿ ‘ಆ್ಯನ್’. ಮೂರನೆಯದು ಅದೇ ಕೊಡೆ, ‘ಕೊಡೆಯನ್ನು ವಾಪಸ್ ತಗೊಂಡು ಹೋದ’ ಅಂತೀವಿ, ‘ದಿ’. ಜಾಸ್ತಿ ಜನ ಎಡವುವುದು ಎರಡರಲ್ಲಿ. ಹ್ಯಾಂಡಲ್ ಅನ್ನೋ ಪದ ಮೊದಲ ಸಲ ಬಂದಿದೆ, ಹಾಗಾದರೆ ‘ಎ’ ಅಂತ ಬರೆದು ಬಿಡುತ್ತಾರೆ. ಆದರೆ ‘ಯಾವ ಹಿಡಿ?’ ಅಂತ ಕೇಳಿ. ಈಗ ತಾನೇ ಕೊಂಡ ಕೊಡೆಯದ್ದೇ, ಅಲ್ವಾ? ಕನ್ನಡದಲ್ಲಿ ಹೇಳುವಾಗ ‘ಅದರ ಹಿಡಿ’ ಅಂತ ಸೇರಿಸಿದರೆ ಅರ್ಥ ಕೆಡುವುದಿಲ್ಲ. ಹೀಗೆ ಹಿಂದೆ ಬಂದ ವಸ್ತುವಿಗೆ ‘ಅದರ’ ಅಂತ ಗಂಟು ಹಾಕಲು ಆಗುತ್ತಾ, ಅದರಲ್ಲಿ ಅಂಥದ್ದು ಒಂದೇ ಇರುತ್ತಾ ಅಂತ ನೋಡಿ. ಎರಡಕ್ಕೂ ಹೌದು ಅಂದರೆ ಮೊದಲ ಸಲ ಬಂದರೂ ‘ದಿ’. ಕೊಡೆಗೆ ಹಿಡಿ ಒಂದೇ, ಕಡ್ಡಿಗಳು ಹಲವು. ಹ್ಯಾಂಡಲ್ ಬದಲು ಕಡ್ಡಿ ಒಂದು ಮುರಿದಿದ್ದರೆ ಅಲ್ಲಿ ‘ಎ’ ಬರುತ್ತಿತ್ತು.

ನಾಲ್ಕು, ಐದು ಕೂಡ ಇದೇ ಲೆಕ್ಕ. ವಾಪಸ್ ಹೋದದ್ದು ಕೊಡೆ ಕೊಂಡ ಅಂಗಡಿಗೆ, ಮಾತಾಡಿದ್ದು ಆ ಅಂಗಡಿಯವನು. ಎರಡೂ ‘ದಿ’. ಆರರಲ್ಲಿ ಅಂಬ್ರೆಲಾ ಮೂರನೇ ಸಲ ಬಂದಿದೆ, ಆದರೂ ‘ಎ’. ಯಾಕೆ? ಇದು ಬೇರೆ ಕೊಡೆ, ನಾವು ಇನ್ನೂ ನೋಡಿಲ್ಲ. ಪದ ಹಳೆಯದು, ವಸ್ತು ಹೊಸದು. ಪದ ಎಷ್ಟು ಸಲ ಬಂತು ಅಂತ ಎಣಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಏಳರಲ್ಲಿ ಕನ್ನಡವೇ ನಮ್ಮನ್ನು ಹಳ್ಳಕ್ಕೆ ತಳ್ಳುತ್ತದೆ. ‘ಒಂದು ಸಲಹೆ ಕೊಟ್ಟ’ ಅನ್ನೋದು ನಮಗೆ ಸಹಜ, ಆದರೆ ಇಂಗ್ಲಿಷಿನಲ್ಲಿ ‘ಅಡ್ವೈಸ್’ ಎಣಿಸಲು ಬಾರದ ಪದ, ಹಾಗಾಗಿ ‘ಎ’ ಹಚ್ಚುವಂತಿಲ್ಲ. ಇನ್‌ಫರ್ಮೇಶನ್, ಫರ್ನಿಚರ್, ಲಗೇಜ್, ನ್ಯೂಸ್, ಹೋಮ್‌ವರ್ಕ್ ಎಲ್ಲ ಇದೇ ಗುಂಪು. ಇಲ್ಲಿ ಏನೂ ಬೇಡ. ಎಂಟರಲ್ಲೂ ಏನೂ ಬೇಡ, ಆದರೆ ಕಾರಣ ಬೇರೆ: ಕೊಡೆಗಳೆಲ್ಲ ಹೀಗೇ ಅಂತ ಸಾರಾಸಗಟಾಗಿ ಹೇಳುತ್ತಿದ್ದಾನೆ, ‘ಯಾವ ಕೊಡೆಗಳು?’ ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ನಿಮ್ಮ ಪೇಪರ್‌ನಲ್ಲಿ ‘ಏನೂ ಬೇಡ’ ಅನ್ನುವ ಆಯ್ಕೆ ಇದೆಯಾ ಅಂತ ಮೊದಲೇ ಸೂಚನೆ ಓದಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಖಾಲಿ ಜಾಗಕ್ಕೂ ಏನಾದರೊಂದು ಹಾಕಲೇಬೇಕು, ನಿಮ್ಮ ಕೆಲಸ ಸ್ವಲ್ಪ ಹಗುರ.

ಕನ್ನಡದಿಂದ ಸುಳಿವೇ ಸಿಗದ ಇನ್ನೊಂದು ಜಾಗ ಇದೆ, ಅದು ಉದ್ಯೋಗ. ‘ಅವಳು ಡಾಕ್ಟರ್’ ಅಂತೀವಿ, ‘ಒಬ್ಬ’ ಅಂತ ಸೇರಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಷಿ ಈಸ್ ಎ ಡಾಕ್ಟರ್’, ‘ಎ’ ಬಿಡುವಂತಿಲ್ಲ. ಇದನ್ನು ಸುಮ್ನೆ ನೆನಪಿಟ್ಟುಕೊಳ್ಳಿ. ದಿ ಸನ್, ದಿ ಫಸ್ಟ್, ದಿ ಬೆಸ್ಟ್ ಇಂಥವಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅಲ್ಲಿ ‘ಯಾವುದು?’ ಅನ್ನೋದಕ್ಕೆ ಉತ್ತರ ಪದದಲ್ಲೇ ಇದೆ. ಆದರೆ ‘ಬೈ ಬಸ್’, ‘ಅಟ್ ಹೋಮ್’ ಥರದವು ಹಾಗೇ ರೂಢಿಗೆ ಬಂದಿರುವುದು, ಲಾಜಿಕ್ ಹುಡುಕಿದರೆ ಟೈಮ್ ವೇಸ್ಟ್.

‘ಎ’ ಮತ್ತು ‘ಆ್ಯನ್’ ಗೊಂದಲಕ್ಕೆ ನಮ್ಮ ಲಿಪಿಯೇ ಸಾಕು. ಖಾಲಿ ಜಾಗದ ಪಕ್ಕದ ಪದವನ್ನು, ಅದು ನಾಮಪದವೇ ಆಗಬೇಕಿಲ್ಲ, ಉಚ್ಚಾರಣೆ ಇದ್ದ ಹಾಗೆ ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ‘ಆ್ಯನ್’. ಅವರ್, ಆನೆಸ್ಟ್ ಮ್ಯಾನ್, ಎಕ್ಸ್‌ರೇ ಎಲ್ಲಕ್ಕೂ ‘ಆ್ಯನ್’. ಯೂನಿವರ್ಸಿಟಿ, ಯೂಸ್‌ಫುಲ್ ಬುಕ್, ಯುರೋಪಿಯನ್ ಅಂದಾಗ ‘ಯ’ ಬಂತು, ‘ಎ’ ಸಾಕು. ಎಚ್ಚರ ಬೇಕಾಗಿರುವುದು ‘ಒನ್’ ಪದಕ್ಕೆ. ನಾವು ‘ಒ’ ಬರೆಯುತ್ತೇವೆ, ಇಂಗ್ಲಿಷ್ ಉಚ್ಚಾರಣೆ ‘ವನ್’, ಹಾಗಾಗಿ ‘ಎ ಒನ್-ವೇ ರೋಡ್’. ಹಾಗೇ ‘ಯೆಗ್’, ‘ಯೆಂಡ್’ ಅಂತ ‘ಯ’ ಸೇರಿಸಿ ಮಾತಾಡುವ ಅಭ್ಯಾಸ ಇದ್ದರೆ ಇಲ್ಲಿ ಮೋಸ ಹೋಗುತ್ತೀರಿ. ಅವು ಎಗ್, ಎಂಡ್, ಎರಡಕ್ಕೂ ‘ಆ್ಯನ್’.

ಇಷ್ಟಾದರೂ ಕೆಲವು ಪ್ರಶ್ನೆಗಳಲ್ಲಿ ನಿಮ್ಮ ಉತ್ತರ ತಪ್ಪು ಅಂತ ಬರಬಹುದು, ಮತ್ತು ತಪ್ಪು ನಿಮ್ಮದಲ್ಲದೆ ಇರಬಹುದು. ‘ಐ ಸಾ __ ಡಾಗ್ ಇನ್ __ ಗಾರ್ಡನ್’ ಅಂತ ಒಂದೇ ವಾಕ್ಯ ಕೊಟ್ಟಾಗ ಎರಡು ಜಾಗದಲ್ಲೂ ಎರಡೂ ಸರಿ ಹೋಗುತ್ತವೆ, ಯಾವ ನಾಯಿ, ಯಾವ ತೋಟ ಅಂತ ಹಿಂದೆ ಮುಂದೆ ಏನೂ ಹೇಳಿಲ್ಲವಲ್ಲ. ಪ್ರಶ್ನೆ ಮಾಡಿದವರ ಮನಸ್ಸಲ್ಲಿ ಸಂದರ್ಭ ಇತ್ತು, ಪೇಪರ್ ಮೇಲೆ ಇಲ್ಲ. ಇಂಥ ಕಡೆ ನಾಯಿಗೆ ‘ಎ’, ತೋಟಕ್ಕೆ ‘ದಿ’ ಹಾಕುವುದು ಸುರಕ್ಷಿತ: ಹೊಸ ಪಾತ್ರಕ್ಕೆ ‘ಎ’, ಅದು ಓಡಾಡುವ ಪರಿಚಿತ ಜಾಗಕ್ಕೆ ‘ದಿ’. ಅಭ್ಯಾಸ ಮಾಡುವಾಗ ಮಾತ್ರ ಇಂಥ ಒಂಟಿ ವಾಕ್ಯಗಳನ್ನು ಬಿಟ್ಟು ಪ್ಯಾರಾಗಳನ್ನೇ ಹಿಡಿಯಿರಿ. ಒಂದೊಂದು ಖಾಲಿ ಜಾಗದ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಎರಡು ಪದದ ಕಾರಣ ಬರೆಯಿರಿ, ‘ಅದರ ಹಿಡಿ’, ‘ಬೇರೆ ಕೊಡೆ’, ‘ಎಣಿಸಲಾಗದು’ ಅಂತ. ಕಾರಣ ಬರೆಯಲು ಆಗದೆ ಪೆನ್ಸಿಲ್ ನಿಂತಿತಾ, ಅಲ್ಲಿ ನೀವು ಊಹೆ ಮಾಡಿದ್ದೀರಿ ಅಂತ ಲೆಕ್ಕ, ಉತ್ತರ ಸರಿ ಬಂದಿದ್ದರೂ ಆ ಒಂದನ್ನು ಮತ್ತೆ ನೋಡಿ.