ಒಂಬತ್ತನೆಯ ಸ್ಥಾನದ ಸೆವೆನ್ ಆಫ್ ಸ್ವೋರ್ಡ್ಸ್

"ನನ್ನ, ನನ್ನ ಗೆಳೆಯನ ಬಗ್ಗೆ ಟ್ಯಾರೋದಲ್ಲಿ ಹತ್ತು ಕಾರ್ಡುಗಳ ಕೆಲ್ಟಿಕ್ ಕ್ರಾಸ್ ಹಾಕಿದೆ. ಆಸೆ-ಭಯದ ಒಂಬತ್ತನೆಯ ಜಾಗದಲ್ಲಿ ಸೆವೆನ್ ಆಫ್ ಸ್ವೋರ್ಡ್ಸ್ ಬಂದಿದೆ. ಏಳರಲ್ಲಿ ನೈನ್ ಆಫ್ ಸ್ವೋರ್ಡ್ಸ್, ಎಂಟರಲ್ಲಿ ಏಯ್ಟ್ ಆಫ್ ಪೆಂಟಕಲ್ಸ್, ಹತ್ತರಲ್ಲಿ ಟೂ ಆಫ್ ಕಪ್ಸ್ ಉಲ್ಟಾ. ಅವನು ಮೋಸ ಮಾಡ್ತಿದ್ದಾನೆ ಅಂತ ತಾನೇ?"

ಒಂಬತ್ತನೆಯ ಕಾರ್ಡಿನಿಂದ ಆ ಮಾತನ್ನು ಹೇಳಲು ಬರುವುದಿಲ್ಲ. ಟ್ಯಾರೋ ಲೇಖಕ ಎ. ಇ. ವೇಟ್ ಈ ಕ್ರಮವನ್ನು ಬರೆದಿಟ್ಟಾಗಲೇ ಆ ಸ್ಥಾನವನ್ನು ಪ್ರಶ್ನೆ ಕೇಳಿದವರ ಆಸೆ ಅಥವಾ ಭಯಕ್ಕೆ ಮೀಸಲಿಟ್ಟಿದ್ದರು. ಅಲ್ಲಿ ಕಾಣುವುದು ನಿಮ್ಮ ಮನಸ್ಸು, ನಿಮ್ಮ ಗೆಳೆಯನ ನಡತೆಯಲ್ಲ.

ಇದನ್ನು ಪರೀಕ್ಷಿಸಲು ಒಂಬತ್ತನೆಯ ಕಾರ್ಡನ್ನು ಮಗುಚಿಟ್ಟು ಉಳಿದವನ್ನು ಮೊದಲು ಓದಿ. ಏಳನೆಯ ಸ್ಥಾನ ನಿಮ್ಮದು. ಅಲ್ಲಿರುವ ಚಿತ್ರದಲ್ಲಿ ಒಬ್ಬರು ರಾತ್ರಿ ಹಾಸಿಗೆಯಲ್ಲಿ ಎದ್ದು ಕುಳಿತು ಮುಖ ಮುಚ್ಚಿಕೊಂಡಿದ್ದಾರೆ. ಒಂಬತ್ತು ಕತ್ತಿಗಳೂ ಹಿಂದಿನ ಕತ್ತಲಲ್ಲಿವೆ, ಒಂದೂ ಅವರನ್ನು ಮುಟ್ಟಿಲ್ಲ. ಈಗ ಮಗುಚಿಟ್ಟದ್ದನ್ನು ತೆರೆದರೆ ಮತ್ತೆ ಕತ್ತಿಗಳೇ. ಏಳನೆಯ, ಒಂಬತ್ತನೆಯ ಸ್ಥಾನಗಳಲ್ಲಿ ಒಂದೇ ಬಣದ ಕಾರ್ಡುಗಳು ಬಂದಾಗ ನಾನು ಒಂಬತ್ತನೆಯದನ್ನು ಏಳನೆಯದರ ಮುಂದುವರಿಕೆ ಎಂದೇ ಓದುತ್ತೇನೆ. ಸುತ್ತಲಿನ ಜನರೂ ಪರಿಸ್ಥಿತಿಯೂ ಕಾಣಬೇಕಾದ ಎಂಟನೆಯ ಸ್ಥಾನದಲ್ಲಿ ನಿಮಗೆ ಬಂದಿರುವುದು ಬೆಂಚಿನ ಮೇಲೆ ಕುಳಿತು ತನ್ನ ಪಾಡಿಗೆ ನಾಣ್ಯ ಕೆತ್ತುತ್ತಿರುವ ಕೆಲಸಗಾರ. ನಿಮ್ಮ ಗೆಳೆಯ ಕೆಲಸದಲ್ಲಿ ಮುಳುಗಿ ನಿಮಗೆ ಸಮಯ ಕೊಡುತ್ತಿಲ್ಲದಿರಬಹುದು. ಅದು ನೋವಿನ ಸಂಗತಿಯೇ, ಆದರೆ ಮೋಸವಲ್ಲ.

ನೇರವಾಗಿ ಬಂದರೆ ಆಸೆ, ಉಲ್ಟಾ ಬಂದರೆ ಭಯ ಎಂದು ನಿಮ್ಮ ಪ್ರಶ್ನೆಗೆ ಒಬ್ಬರು ಉತ್ತರ ಬರೆದಿದ್ದಾರೆ. ಎರಡೂ ಒಂದೇ ಕಾರ್ಡಿನಲ್ಲಿರುತ್ತವೆ ಎಂಬಷ್ಟು ಸರಿ, ಹಾಗೆ ಎರಡಾಗಿ ಸೀಳಲು ಮಾತ್ರ ಆಗದು. ಸೆವೆನ್ ಆಫ್ ಸ್ವೋರ್ಡ್ಸ್‌ನ ಮನುಷ್ಯ ಐದು ಕತ್ತಿ ಹೊತ್ತು, ಎರಡನ್ನು ಬಿಟ್ಟು, ಹಿಂದೆ ತಿರುಗಿ ನೋಡುತ್ತಾ ತುದಿಗಾಲಿನಲ್ಲಿ ಹೋಗುತ್ತಿದ್ದಾನೆ. ಅವನು ನಿಮ್ಮ ಗೆಳೆಯ ಎಂದುಕೊಂಡರೆ ಭಯ. ಅವನು ನೀವೇ ಆಗಿದ್ದರೆ? ಜಗಳವಿಲ್ಲದೆ, ಏನೂ ಕೇಳದೆ ಮೆಲ್ಲಗೆ ಹೊರಗೆ ಹೋಗಿಬಿಡೋಣ ಎಂದು ನಿಮಗೇ ಎಂದಾದರೂ ಅನಿಸಿದ್ದರೆ ಅದೇ ಕಾರ್ಡು ನಿಮ್ಮ ಆಸೆಯೂ ಹೌದು. ನಿಮ್ಮ ಓದಿನಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದು.

ತಮಗೆ ಇದೇ ಕಾರ್ಡು ಬಂದು ಮೋಸ ನಿಜವಾಗಿತ್ತು ಎಂದು ಇನ್ನೊಂದು ಉತ್ತರದಲ್ಲಿ ಬರೆದ ಸೋದರಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಭಯಕ್ಕೆ ಕಾರಣ ಇರಲೂಬಹುದು. ಆದರೆ ಆ ಕಾರಣ ಅವರಿಗೆ ಹೊರಗಿನಿಂದ ತಿಳಿದದ್ದು. ಅನುಮಾನ ಹೋಗಲೆಂದು ನೀವು ಇದರ ಮೇಲೆ ಮತ್ತೆ ಮತ್ತೆ ಕಾರ್ಡು ತೆಗೆಯಬೇಡಿ. ಮೂರನೆಯ ಕಾರ್ಡಿಗೆ ಬರುವ ಹೊತ್ತಿಗೆ ಉತ್ತರ ಬೇಕೆನ್ನುವ ಬದಲು, ಬೇಕಾದ ಉತ್ತರ ಬರುವವರೆಗೆ ಎಳೆಯುತ್ತಿರುತ್ತೇವೆ.

ಹತ್ತನೆಯ ಸ್ಥಾನದ ಉಲ್ಟಾ ಟೂ ಆಫ್ ಕಪ್ಸ್ ಅನ್ನು ಕೆಲವರು ಬೇರೆಯಾಗುವುದೆಂದೂ, ಕೆಲವರು ಮಾತು ನಿಂತುಹೋಗಿರುವುದೆಂದೂ ಓದುತ್ತಾರೆ. ನಿಮ್ಮ ಏಳು, ಒಂಬತ್ತನ್ನು ನೋಡಿದರೆ ನಾನು ಎರಡನೆಯದರ ಕಡೆಗಿದ್ದೇನೆ. ಒಂದರಿಂದ ಆರರವರೆಗೆ ಏನು ಬಂತೆಂದು ನೀವು ಬರೆದಿಲ್ಲ; ಅಡ್ಡ ಬಿದ್ದಿರುವ ಎರಡನೆಯ ಕಾರ್ಡು ಯಾವುದೆಂದು ತಿಳಿಸಿದರೆ ಇದನ್ನು ಇನ್ನಷ್ಟು ಖಚಿತವಾಗಿ ಹೇಳಬಹುದು.